ಫೋನಿಗೆ ಬರುವ ವೀಡಿಯೊ ಟಿವಿಗೆ ಏಕೆ ಬರಲಿಲ್ಲ

ಶಿವಮೊಗ್ಗದ ಅಕ್ಕನ ಮನೆಯ ಟಿವಿಯಲ್ಲಿ ಚಿತ್ರದ ಬದಲು ತಿರುಗುವ ವೃತ್ತವೇ ಹೆಚ್ಚಾಗಿ ಕಾಣಿಸತೊಡಗಿ ಕೆಲವು ವಾರಗಳಾಗಿದ್ದವು. ಅದೇ ವೈ-ಫೈಯಲ್ಲಿ ಮನೆಯವರೆಲ್ಲರ ಫೋನುಗಳೂ ಸರಾಗವಾಗಿ ವೀಡಿಯೊ ತೋರಿಸುತ್ತಿದ್ದುದರಿಂದ, ಸಂಪರ್ಕ ಕೊಟ್ಟ ಕಂಪನಿಯವರು ಟಿವಿಯೇ ಕೆಟ್ಟಿದೆ ಎಂದು ಹೇಳಿ ಹೋಗಿದ್ದರು. ಭಾವನವರು ಹೊಸ ಟಿವಿಯ ಬೆಲೆ ವಿಚಾರಿಸಲು ಹೊರಟಿದ್ದಾಗ, ಒಂದು ಭಾನುವಾರ ಪೂರ್ತಿ ನನಗೆ ಬಿಟ್ಟುಕೊಡಿ ಎಂದು ಕೇಳಿಕೊಂಡೆ.

ನಾನು ಮೊದಲು ಮಾಡಿದ ಕೆಲಸವೆಂದರೆ ಸುಮ್ಮನೆ ಕುಳಿತು ನೋಡಿದ್ದು. ವೀಡಿಯೊ ಎಲ್ಲಿ ನಿಲ್ಲುತ್ತದೆ ಎಂಬುದೇ ಅರ್ಧ ಉತ್ತರವನ್ನು ಹೇಳಿಬಿಡುತ್ತದೆ. ಆ್ಯಪ್ ತೆರೆದಾಗ ಪೋಸ್ಟರ್ ಚಿತ್ರಗಳು ಕೆಲವು ಮೂಡಿದವು, ಕೆಲವು ಬೂದು ಚೌಕಗಳಾಗಿಯೇ ಉಳಿದವು. ಒಂದು ಧಾರಾವಾಹಿಯನ್ನು ಆರಿಸಿದ ಮೇಲೆ ಪರದೆ ಬಹಳ ಹೊತ್ತು ಕಪ್ಪಾಗಿಯೇ ಇದ್ದು, ಆಮೇಲೆ ಶುರುವಾದ ವೀಡಿಯೊ ಸುಮಾರು ಹೊತ್ತು ಚೆನ್ನಾಗಿ ಓಡಿತು. ಅದೇ ಉತ್ತಮ ಗುಣಮಟ್ಟದ 4ಕೆ ಸಿನಿಮಾ ಹಾಕಿದಾಗ ಮಾತ್ರ ನಡುನಡುವೆಯೂ ನಿಂತಿತು. ಶುರುವಾಗುವ ಮುನ್ನ ಕಾಯಿಸುವುದು ಮತ್ತು ಓಡುತ್ತಿರುವಾಗ ನಿಲ್ಲುವುದು ನೋಡುವವರಿಗೆ ಒಂದೇ ತೊಂದರೆಯಂತೆ ಕಂಡರೂ, ಅವುಗಳ ಮೂಲ ಬೇರೆ ಬೇರೆ ಇರಬಹುದು ಎಂದು ನನಗೆ ಅಲ್ಲಿಯೇ ಅನ್ನಿಸಿತು.

ಟಿವಿಯ ಆ್ಯಪ್ ಒಂದು ವೀಡಿಯೊವನ್ನು ತೋರಿಸುವ ಮುನ್ನ ಹಲವಾರು ಸರ್ವರುಗಳನ್ನು ಮಾತನಾಡಿಸುತ್ತದೆ: ಲಾಗಿನ್‌ಗೆ ಒಂದು, ಪೋಸ್ಟರ್‌ಗಳಿಗೆ ಇನ್ನೊಂದು, ಪರವಾನಗಿಗೆ ಮತ್ತೊಂದು, ವೀಡಿಯೊಗೆ ಬೇರೊಂದು. ಪ್ರತಿಯೊಂದರ ಹೆಸರು ಮಾತ್ರ ಆ್ಯಪ್‌ಗೆ ಗೊತ್ತಿರುತ್ತದೆ; ಆ ಹೆಸರಿನ ಐಪಿ ವಿಳಾಸವನ್ನು ಡಿಎನ್‌ಎಸ್ ಸರ್ವರ್‌ನಿಂದ ಕೇಳಿ ತಿಳಿಯಬೇಕು. ಆ ಉತ್ತರ ತಡವಾದರೆ ಪ್ರತಿ ಹೊಸ ಹೆಸರಿನ ಬಳಿಯೂ ಆ್ಯಪ್ ಕಾಯುತ್ತ ನಿಲ್ಲುತ್ತದೆ. ವಿಳಾಸ ಸಿಕ್ಕಿ ಸಂಪರ್ಕ ಏರ್ಪಟ್ಟ ಮೇಲೆ ವೀಡಿಯೊ ಕೆಲವು ಸೆಕೆಂಡುಗಳ ತುಣುಕುಗಳಾಗಿ ಸಾಮಾನ್ಯವಾಗಿ ಅದೇ ಸಂಪರ್ಕದಲ್ಲಿ ಬರುತ್ತಿರುತ್ತದೆ, ಆಗ ಹೆಸರು ಕೇಳುವ ಅಗತ್ಯ ಹೆಚ್ಚು ಇರುವುದಿಲ್ಲ. ಹೀಗಾಗಿ ನಡುವೆ ನಿಂತರೆ ಮೊದಲು ಅನುಮಾನಿಸಬೇಕಾದದ್ದು ಸಿಗ್ನಲ್ಲನ್ನು. ಆ್ಯಪ್ ನಡುವೆಯೇ ಬೇರೆ ಸರ್ವರಿಗೆ ಹೋಗುವುದೂ ಉಂಟು, ಆದ್ದರಿಂದ ಈ ಲಕ್ಷಣವನ್ನೇ ಕೊನೆಯ ತೀರ್ಪೆಂದು ಹಿಡಿಯಲಾಗದು, ಅಳತೆ ಮಾಡಲೇಬೇಕು.

ಭಾವನವರು ಫೋನಿನ ಹಾಟ್‌ಸ್ಪಾಟ್‌ಗೆ ಟಿವಿಯನ್ನು ಜೋಡಿಸಿ ನೋಡಿದ್ದರಂತೆ, ಆಗ ಎಲ್ಲವೂ ಸರಿಯಾಗಿ ಬಂದಿತ್ತಂತೆ. ಟಿವಿ ಕೆಟ್ಟಿಲ್ಲ ಎಂದು ಹೇಳಲು ಆ ಪರೀಕ್ಷೆ ಸಾಕು. ಆದರೆ ಹಾಟ್‌ಸ್ಪಾಟ್‌ಗೆ ಹೋದಾಗ ಸಿಗ್ನಲ್ಲೂ ಬದಲಾಗುತ್ತದೆ, ಡಿಎನ್‌ಎಸ್ ಕೂಡ ಬದಲಾಗುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಿದ ಪರೀಕ್ಷೆ ಎರಡರಲ್ಲಿ ತಪ್ಪು ಯಾವುದರದ್ದು ಎಂದು ಹೇಳಲಾರದು.

ಟಿವಿಯ ನೆಟ್‌ವರ್ಕ್ ವಿವರದಲ್ಲಿ ಡಿಎನ್‌ಎಸ್ ವಿಳಾಸ 192.168.1.1 ಎಂದಿತ್ತು, ಅಂದರೆ ಮನೆಯ ರೂಟರ್. ರೂಟರ್ ಈ ಪ್ರಶ್ನೆಗಳನ್ನು ಕಂಪನಿಯ ಸರ್ವರಿಗೆ ದಾಟಿಸಿ, ಉತ್ತರ ತಂದುಕೊಡುತ್ತದೆ. ನಾನು ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ರೂಟರಿಗೆ ಜೋಡಿಸಿ, ವೈ-ಫೈ ಅಡ್ಡಬರದಂತೆ ಮಾಡಿಕೊಂಡು, ಒಂದೇ ಹೆಸರನ್ನು ಮೊದಲು ರೂಟರಿಗೂ ಆಮೇಲೆ ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್‌ಗೂ ಕೇಳಿದೆ:

```
nslookup example.com 192.168.1.1
nslookup example.com 8.8.8.8
```

8.8.8.8ರಿಂದ ಪ್ರತಿ ಬಾರಿಯೂ ತಕ್ಷಣ ಉತ್ತರ ಬಂತು. ರೂಟರ್ ಮಾತ್ರ ಕೆಲವೊಮ್ಮೆ ತಟ್ಟನೆ ಉತ್ತರಿಸಿದರೆ ಕೆಲವೊಮ್ಮೆ ಹೀಗೆ ಹೇಳಿತು:

```
DNS request timed out.
    timeout was 2 seconds.
```

ಇಲ್ಲಿ ಒಂದು ಎಚ್ಚರ ಅಗತ್ಯ. ಒಮ್ಮೆ ಸಿಕ್ಕ ಉತ್ತರವನ್ನು ರೂಟರ್ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳಬಹುದಾದ್ದರಿಂದ, ಅದೇ ಹೆಸರನ್ನು ಮತ್ತೆ ಮತ್ತೆ ಕೇಳಿದರೆ ದೋಷ ಮರೆಯಾಗುತ್ತದೆ. ಹಿಂದೆ ಕೇಳದ ಹೊಸ ಹೊಸ ಹೆಸರುಗಳನ್ನು ಕೇಳಬೇಕು. ಹಾಗೆ ಕೇಳಿದಾಗ ತಡೆ ಇನ್ನೂ ಸ್ಪಷ್ಟವಾಗಿ ಕಂಡಿತು.

ಹಾಗಾದರೆ ಫೋನುಗಳಿಗೆ ಈ ತೊಂದರೆ ಏಕಿಲ್ಲ? ಅಕ್ಕನ ಮಗಳು ಜಾಹೀರಾತಿನ ಕಾಟ ತಪ್ಪಿಸಲು ಎಂದೋ ಏನೋ ಪ್ರಯತ್ನಿಸುತ್ತ, ಎಲ್ಲರ ಫೋನಿನ Private DNS ಜಾಗದಲ್ಲಿ ಕೊನೆಗೆ dns.google ಎಂದು ಬರೆದಿಟ್ಟಿದ್ದಳು. ಆಂಡ್ರಾಯ್ಡ್ 9ರಿಂದ ಇರುವ ಈ ಸೌಲಭ್ಯದಿಂದಾಗಿ ಫೋನುಗಳು ರೂಟರನ್ನು ಕೇಳುತ್ತಲೇ ಇರಲಿಲ್ಲ, ತಮ್ಮ ಪ್ರಶ್ನೆಗಳನ್ನು ನೇರವಾಗಿ ಗೂಗಲ್‌ಗೆ ಕಳುಹಿಸುತ್ತಿದ್ದವು. ಅಕ್ಕನ ಫೋನಿನಲ್ಲಿ ಮೊಬೈಲ್ ಡೇಟಾವನ್ನೂ Private DNS ಅನ್ನೂ ಆಫ್ ಮಾಡಿಸಿದೆ. ಸ್ವಲ್ಪ ಹೊತ್ತಿನಲ್ಲಿಯೇ ಅಲ್ಲಿಯೂ ಬೂದು ಚೌಕಗಳು ಕಾಣಿಸಿದವು. "ಅಯ್ಯೋ, ನನ್ನ ಫೋನೂ ಕೆಟ್ಟಿತಲ್ಲೋ!" ಎಂದು ಅಕ್ಕ ಗಾಬರಿಯಾದಳು. ನನಗಾದರೋ ಆ ದಿನದ ಅತ್ಯಂತ ಉಪಯುಕ್ತ ಸಾಕ್ಷ್ಯ ಅದೇ ಆಗಿತ್ತು.

ಟಿವಿಯಲ್ಲಿ ಐಪಿ ವಿಳಾಸವನ್ನು ಹಾಗೆಯೇ ಬಿಟ್ಟು, ಡಿಎನ್‌ಎಸ್ ಅನ್ನು ಮಾತ್ರ 8.8.8.8 ಎಂದು ಬದಲಿಸಿದೆ. ಪೋಸ್ಟರ್‌ಗಳೆಲ್ಲ ಒಟ್ಟಿಗೆ ಮೂಡಿದವು, ಧಾರಾವಾಹಿ ಆರಿಸಿದ ಕೂಡಲೇ ಶುರುವಾಯಿತು. ಆದರೆ 4ಕೆ ಸಿನಿಮಾ ಮೊದಲಿನಂತೆಯೇ ನಡುವೆ ನಿಂತಿತು, ಮತ್ತು ಇದಕ್ಕೆ ಫೋನನ್ನು ಸಾಕ್ಷಿಯಾಗಿ ಕರೆಯುವುದೂ ನ್ಯಾಯವಲ್ಲ. ಚಿಕ್ಕ ಪರದೆಯ ಫೋನಿಗೆ ಆ್ಯಪ್ ಕಡಿಮೆ ಗುಣಮಟ್ಟದ ವೀಡಿಯೊ ಕೊಡುತ್ತದೆ, ಅದಕ್ಕೆ ಸೆಕೆಂಡಿಗೆ ಎರಡು ಮೂರು ಮೆಗಾಬಿಟ್ ಸಾಕಾಗಬಹುದು. 4ಕೆಗೆ 15ರಿಂದ 25 ಬೇಕಾಗುತ್ತದೆ. ಅಲ್ಲದೆ ಫೋನು ಸೋಫಾದ ಮೇಲಿರುತ್ತದೆ, ಟಿವಿಯ ಆಂಟೆನಾ ಪರದೆಯ ಹಿಂದೆ ಗೋಡೆಗೆ ಅಂಟಿಕೊಂಡಿರುತ್ತದೆ. ರೂಟರ್ ಇದ್ದದ್ದು ಮಹಡಿಯ ಕೋಣೆಯಲ್ಲಿ, ನಡುವೆ ಕಾಂಕ್ರೀಟ್ ಸ್ಲ್ಯಾಬ್. ಸಿಗ್ನಲ್ ಅಳೆಯುವ ಆ್ಯಪ್‌ನಲ್ಲಿ ಸೋಫಾದ ಬಳಿ ಮೈನಸ್ 66 ಡಿಬಿಎಂ ಕಾಣಿಸಿದರೆ, ಟಿವಿಯ ಹಿಂದೆ ಅದೇ ಫೋನನ್ನು ಹಿಡಿದಾಗ ಮೈನಸ್ 78ಕ್ಕೆ ಇಳಿಯಿತು. ಈ ಅಳತೆ ಸೊನ್ನೆಯಿಂದ ಕೆಳಗೆ ಹೋದಷ್ಟೂ ಸಿಗ್ನಲ್ ದುರ್ಬಲ. ಮೈನಸ್ 67ರ ಆಸುಪಾಸಿನವರೆಗೆ ವೀಡಿಯೊಗೆ ಸಾಮಾನ್ಯವಾಗಿ ತೊಂದರೆಯಿಲ್ಲ; 78ರಲ್ಲಿ 4ಕೆ ಬಯಸುವುದು ದುಬಾರಿ ಆಸೆ.

ಖಚಿತಪಡಿಸಿಕೊಳ್ಳಲು, ಕೇಬಲ್‌ನಲ್ಲಿದ್ದ ಲ್ಯಾಪ್‌ಟಾಪಿನಿಂದಲೇ ಟಿವಿಯ ಐಪಿ ವಿಳಾಸಕ್ಕೆ ಪಿಂಗ್ ಮಾಡಿದೆ, ಅಂದರೆ ಪುಟ್ಟ ಸಂದೇಶಗಳನ್ನು ಕಳುಹಿಸಿ ಉತ್ತರ ಬರಲು ಎಷ್ಟು ಹೊತ್ತಾಗುತ್ತದೆ ಎಂದು ನೋಡಿದೆ. ಆ ದಾರಿಯಲ್ಲಿ ಇಂಟರ್ನೆಟ್ಟೂ ಇಲ್ಲ, ಡಿಎನ್‌ಎಸ್ಸೂ ಇಲ್ಲ, ರೂಟರಿನಿಂದ ಟಿವಿಗೆ ಹೋಗುವ ಗಾಳಿಯ ನಂಟು ಮಾತ್ರ ಇದೆ. ಉತ್ತರಗಳು ಒಮ್ಮೆ 4 ಮಿಲಿಸೆಕೆಂಡಿನಲ್ಲಿ ಬಂದರೆ ಮತ್ತೊಮ್ಮೆ 300 ದಾಟುತ್ತಿದ್ದವು, ಕೆಲವು ಬರುತ್ತಲೇ ಇರಲಿಲ್ಲ. ಟಿವಿಯನ್ನು 5 ಗಿಗಾಹರ್ಟ್ಸ್‌ನಿಂದ 2.4ಕ್ಕೆ ತಂದಾಗ ಸ್ಲ್ಯಾಬ್ ದಾಟುವುದು ಸುಲಭವಾಗಿ ಹಗಲಿನಲ್ಲಿ ಸುಧಾರಿಸಿತು. ಸಂಜೆ ಅಕ್ಕಪಕ್ಕದ ಮನೆಗಳ ವೈ-ಫೈಯೆಲ್ಲ ಅದೇ 2.4 ಗಿಗಾಹರ್ಟ್ಸ್‌ನಲ್ಲಿ ತುಂಬಿಕೊಂಡಾಗ ಮತ್ತೆ ಹದಗೆಟ್ಟಿತು. ಕೊನೆಗೆ ಮಹಡಿಯ ಕಿಟಕಿಯಿಂದ ಹೊರಗೋಡೆಯಗುಂಟ ನೆಟ್‌ವರ್ಕ್ ಕೇಬಲ್ ಇಳಿಸಿದೆವು. ಆ ಟಿವಿಯ ಕೇಬಲ್ ಕಿಂಡಿ ಸೆಕೆಂಡಿಗೆ 100 ಮೆಗಾಬಿಟ್‌ನದ್ದಷ್ಟೇ, ಆದರೂ 4ಕೆಗೆ ಅದು ಧಾರಾಳವಾಗಿ ಸಾಕು. ಕೇಬಲ್ ಹಾಕಿದ ಮೇಲೆ ಟಿವಿ ಅದನ್ನು ಬೇರೆ ಸಂಪರ್ಕವೆಂದೇ ಎಣಿಸಿ ಡಿಎನ್‌ಎಸ್ ಅನ್ನು ಮತ್ತೆ ರೂಟರ್‌ಗೆ ಮರಳಿಸಿತ್ತು. ಆದ್ದರಿಂದ ಆ ಬದಲಾವಣೆಯನ್ನು, ಸಾಧನಗಳಿಗೆಲ್ಲ ಈ ವಿಳಾಸಗಳನ್ನು ಹಂಚುವ ರೂಟರಿನ ಡಿಎಚ್‌ಸಿಪಿ ಸೆಟ್ಟಿಂಗ್‌ನಲ್ಲಿಯೇ ಮಾಡಿ, ಮನೆಗೆ ಬರುವ ಯಾವ ಸಾಧನಕ್ಕೂ ಸರಿಯಾದ ಡಿಎನ್‌ಎಸ್ ವಿಳಾಸ ಸಿಗುವಂತೆ ಮಾಡಿದೆ. ಟಿವಿಯನ್ನು ಮತ್ತೆ ಆನ್ ಮಾಡಿ ನೋಡಿದಾಗ ಅದರ ವಿವರದಲ್ಲಿ 8.8.8.8 ಎಂದಿತ್ತು.