‘ಹಾಕುತ್ತಾರೆ’ ಅನ್ನೋ ಪದದೊಳಗೆ ಒಂದು ಟೇಬಲ್ ಅಡಗಿತ್ತು

ಮಂಡ್ಯ ಕಡೆಯ ಒಂದು ಹಾಲಿನ ಸಂಘಕ್ಕೆ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತಿದ್ದೆ. ಕಾರ್ಯದರ್ಶಿಯವರು ತಮ್ಮ ಪದ್ಧತಿಯನ್ನು ನಾಲ್ಕೇ ಸಾಲಿನಲ್ಲಿ ಬರೆದು ಕೊಟ್ಟರು:

“ಸದಸ್ಯರು ಬೆಳಿಗ್ಗೆ, ಸಂಜೆ ಹಾಲು ಹಾಕುತ್ತಾರೆ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ನೋಡಿ ದರ ಕಟ್ಟುತ್ತೇವೆ. ಹದಿನೈದು ದಿನಕ್ಕೊಮ್ಮೆ ಬಟವಾಡೆ. ಫೀಡ್ ಮೂಟೆ ತಗೊಂಡಿದ್ದರೆ ಬಟವಾಡೆಯಲ್ಲಿ ಮುರಿದುಕೊಳ್ಳುತ್ತೇವೆ.”

ಎಸ್‌ಎನ್‌ಎಫ್ ಅಂದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ. ಡೇಟಾಬೇಸಿನ ಟೇಬಲ್‌ಗಳನ್ನು ಬಾಕ್ಸ್ ಆಗಿ, ಅವುಗಳ ನಂಟನ್ನು ಗೆರೆಯಾಗಿ ತೋರಿಸುವ ಇಆರ್ ಡಯಾಗ್ರಾಮ್ ಬರೆಯಲು ಕಾಲೇಜಿನಲ್ಲಿ ಕಲಿತ ಸೂತ್ರ ನೆನಪಿತ್ತು. ನಾಮಪದ ಬಂದರೆ ಬಾಕ್ಸ್, ಕ್ರಿಯಾಪದ ಬಂದರೆ ಗೆರೆ. ಈ ಡಯಾಗ್ರಾಮನ್ನು 1976ರಲ್ಲಿ ಮುಂದಿಟ್ಟ ಪೀಟರ್ ಚೆನ್ ಅವರೇ ಆಮೇಲೆ ಇಂಗ್ಲಿಷ್ ವಾಕ್ಯಗಳನ್ನು ನೋಡಿ ಕೊಟ್ಟ ಸೂತ್ರ ಅದು. ಸದಸ್ಯ, ಹಾಲು, ಫೀಡ್, ಬಟವಾಡೆ ಅಂತ ನಾಲ್ಕು ಬಾಕ್ಸ್ ಹಾಕಿದೆ. ಸದಸ್ಯ ಮತ್ತು ಹಾಲಿನ ನಡುವೆ ‘ಹಾಕುತ್ತಾರೆ’ ಗೆರೆ. ನೋಡಲು ಚೆನ್ನಾಗೇ ಇತ್ತು.

ಒಂದು ದಿನದ ಲೆಕ್ಕ ತುಂಬಲು ಹೋದಾಗ ಸಿಕ್ಕಿಬಿದ್ದೆ. ಒಬ್ಬ ಸದಸ್ಯೆ ಬೆಳಿಗ್ಗೆ 6 ಲೀಟರ್ ಹಾಕಿದ್ದಾರೆ, ಫ್ಯಾಟ್ 4.1. ಸಂಜೆ 5 ಲೀಟರ್, ಫ್ಯಾಟ್ 4.4. ಈ ಫ್ಯಾಟ್ ಎಲ್ಲಿ ಬರೆಯುವುದು? ಸದಸ್ಯೆಯ ಬಾಕ್ಸಿನಲ್ಲಿ ಬರೆದರೆ ಸಂಜೆಯದು ಬೆಳಗಿನದನ್ನು ಅಳಿಸುತ್ತದೆ. ‘ಹಾಲು’ ಬಾಕ್ಸ್‌ನಲ್ಲಿ ಅಂದರೆ, ಯಾವ ಹಾಲು? ಅಲ್ವಾ? ಫ್ಯಾಟ್ ಇರುವುದು ಆ ಹೊತ್ತು ಹಾಕಿದ್ದಕ್ಕೆ. ಅಂದರೆ ‘ಹಾಕುತ್ತಾರೆ’ ಸುಮ್ನೆ ಗೆರೆಯಲ್ಲ, ಅದೇ ಒಂದು ಬಾಕ್ಸ್. ‘ನಮೂದು’ ಅಂತ ಹೆಸರಿಟ್ಟು ಸದಸ್ಯರ ನಂಬರ್, ತಾರೀಖು, ಹೊತ್ತು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ ಎಲ್ಲ ಅದಕ್ಕೆ ಸೇರಿಸಿದೆ. ‘ಹಾಲು’ ಬಾಕ್ಸ್ ಬೇಕೇ ಆಗಲಿಲ್ಲ.

ಆಮೇಲಿಂದ ಪ್ರತಿ ಕ್ರಿಯಾಪದಕ್ಕೂ ಒಂದು ಪ್ರಶ್ನೆ ಹಾಕುತ್ತೇನೆ: ಈ ಕೆಲಸ ನಡೆದಾಗಲೆಲ್ಲ ಬದಲಾಗುವ ಅಂಕಿ ಏನಾದರೂ ಇದೆಯಾ? ಇದ್ದರೆ ಅದಕ್ಕೆ ಬಾಕ್ಸ್ ಬೇಕು.

ಕೊನೆಯ ಸಾಲು ಇನ್ನೂ ಮೋಸದ್ದು. ‘ಫೀಡ್ ಮೂಟೆ ತಗೊಂಡಿದ್ದರೆ’ ಅಂದರೆ ಒಂದು ಮೂಟೆಯೋ ಹತ್ತೋ? ಮುರಿಯುವುದು ಒಂದೇ ಬಟವಾಡೆಯಲ್ಲೋ, ಹಲವದರಲ್ಲೋ? ಕನ್ನಡದಲ್ಲಿ ‘ಗಳು’ ಸೇರಿಸದೆಯೂ ಮಾತು ನಡೆಯುತ್ತದೆ, ಹಾಗಾಗಿ ವಾಕ್ಯ ನೋಡಿ ಒಂದೋ ಹಲವೋ ಹೇಳಲಾಗದು. ನಾನು ಊಹಿಸಿ ಒಂದು ಖರೀದಿಗೆ ಒಂದು ಬಟವಾಡೆ ಅಂತ ಗೆರೆ ಎಳೆದಿದ್ದೆ. ಕಾರ್ಯದರ್ಶಿಯವರಿಗೆ ಫೋನಿನಲ್ಲಿ ಗೆರೆಯನ್ನು ಎರಡೂ ಕಡೆಯಿಂದ ಓದಿ ಹೇಳಿದೆ: ಒಂದು ಖರೀದಿಯ ಹಣ ಒಂದೇ ಬಟವಾಡೆಯಲ್ಲಿ ಮುರಿಯುತ್ತದೆ, ಒಂದು ಬಟವಾಡೆಯಲ್ಲಿ ಒಂದೇ ಖರೀದಿಯ ಹಣ ಮುರಿಯುತ್ತದೆ.

“ಅಯ್ಯೋ, ಒಂದೇ ಸಲ ಮುರಿದರೆ ಅವರ ಕೈಗೆ ಏನು ಬರ್ತದೆ ಸಾರ್? ಕಂತು ಮಾಡ್ತೀವಿ” ಅಂದರು.

1,400 ರೂಪಾಯಿ ಬಾಕಿ ಇದ್ದರೆ 500, 500, 400 ಅಂತ ಮೂರು ಬಟವಾಡೆಯಲ್ಲಿ ಹೋಗುತ್ತದೆ. ಒಂದೇ ಬಟವಾಡೆಯಲ್ಲಿ ಎರಡು ಖರೀದಿಯ ಕಂತೂ ಬರಬಹುದು. ಕಂತಿನ ಮೊತ್ತ ಖರೀದಿಗೂ ಸೇರುವುದಿಲ್ಲ, ಬಟವಾಡೆಗೂ ಸೇರುವುದಿಲ್ಲ. ‘ಮುರಿದುಕೊಳ್ಳುತ್ತೇವೆ’ ಕೂಡ ಬಾಕ್ಸ್ ಆಯಿತು, ಹೆಸರು ‘ಕಡಿತ’.

ತಿಂಗಳಾದ ಮೇಲೆ ಕಾರ್ಯದರ್ಶಿಯವರು ಕೇಳಿದರು: “ಯಾವ ಹಸುವಿನ ಫ್ಯಾಟ್ ಕಡಿಮೆ ಅಂತ ಇದರಲ್ಲಿ ಬರ್ತದಾ?” ಬರುವುದಿಲ್ಲ. ಮನೆಯ ಎರಡು ಹಸುವಿನ ಹಾಲೂ ಒಂದೇ ಕ್ಯಾನಿನಲ್ಲಿ ಬರುತ್ತದೆ. ಅವರ ನಾಲ್ಕು ಸಾಲಿನಲ್ಲಿ ಹಸು ಇರಲೇ ಇಲ್ಲ.