ಚಾರ್ಟಿನಲ್ಲಿ ಉಸಿರು 18, ಎಣಿಸಿದಾಗ 28

ಸೋಂಕಿಗೆ ದೇಹ ಹದ ತಪ್ಪಿ ಪ್ರತಿಕ್ರಿಯಿಸಿ ಅಂಗಾಂಗಗಳಿಗೇ ಪೆಟ್ಟು ಬೀಳುವ ಸೆಪ್ಸಿಸ್ ಬಗ್ಗೆ ಜೂನಿಯರ್‌ಗಳಿಗೆ ಒಂದೇ ಪುಟದ ಸೂಚನೆ ಬರೆದುಕೊಡಿ ಎಂದು ನನಗೆ ಹೇಳಿದ್ದರು. ಬರೆದೆ. ಲ್ಯಾಕ್ಟೇಟ್ ನೋಡಿ, ರಕ್ತದಲ್ಲಿ ಕ್ರಿಮಿ ಪತ್ತೆಗೆ ಬ್ಲಡ್ ಕಲ್ಚರ್ ತೆಗೆಯಿರಿ, ಆ್ಯಂಟಿಬಯಾಟಿಕ್ ಕೊಡಿ, ಸಲೈನ್ ಹಾಕಿ, ಬಿಪಿ ಏರದಿದ್ದರೆ ನಾರ್‌ಅಡ್ರಿನಲಿನ್ ಶುರು ಮಾಡಿ. ಐದು ಕೆಲಸ, ಒಂದು ಗಂಟೆ. ಲ್ಯಾಮಿನೇಟ್ ಮಾಡಿಸಿ ಗೋಡೆಗೆ ಅಂಟಿಸಿ, ಮುಗೀತು ಅಂದುಕೊಂಡೆ.

ಎರಡು ವಾರದ ನಂತರ ಒಂದು ರಾತ್ರಿ ಡ್ಯೂಟಿ. ಸೊಂಟದ ಮೂಳೆಗೆ ಆಪರೇಷನ್ ಆಗಿ ಮೂರು ದಿನವಾಗಿದ್ದ 68 ವರ್ಷದ ಹೆಂಗಸು, ಮೂತ್ರಕ್ಕೆ ಕ್ಯಾಥೆಟರ್ ಇತ್ತು. ಹತ್ತು ಗಂಟೆಗೆ ಮಗಳು ಬಂದು ಜೂನಿಯರ್ ಡಾಕ್ಟರ್‌ಗೆ ಹೇಳಿದ್ದಳು: "ಅಮ್ಮ ಯಾಕೋ ಸರಿ ಇಲ್ಲ ಡಾಕ್ಟ್ರೇ, ನನ್ನನ್ನು ಚಿಕ್ಕಮ್ಮನ ಹೆಸರಿಂದ ಕರೀತಿದ್ದಾರೆ." ಅವನು ಚಾರ್ಟ್ ನೋಡಿದ. ಜ್ವರ ಇಲ್ಲ, 36.6. ಪಲ್ಸ್ 88. ಬಿಪಿ 104/58. ಉಸಿರು 18. ನೋವಿನ ಔಷಧಿಯ ಮಂಪರು ಇರಬೇಕು ಅಂದುಕೊಂಡ. ಆ ಅಂಕಿಗಳನ್ನಷ್ಟೇ ನೋಡಿದ್ದರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆನೋ ಏನೋ.

ಒಂದು ಗಂಟೆಗೆ ನಾನು ಹೋದಾಗ ಹಾಸಿಗೆ ಪಕ್ಕ ನಿಂತು, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದೆ. 28. ಪಕ್ಕದ ಹಾಸಿಗೆಗಳ ಚಾರ್ಟ್ ತಿರುವಿದರೆ ಎಲ್ಲರದ್ದೂ 18, ಇಲ್ಲವೇ 20. ಯಾರೂ ಎಣಿಸಿರಲಿಲ್ಲ, ಸುಮ್ನೆ ಬರೆದಿದ್ದರು. ಉಳಿದ ಅಂಕಿಗಳೂ ಮೋಸ ಮಾಡಿದ್ದವು. ವಯಸ್ಸಾದವರಲ್ಲಿ ಸೋಂಕು ಜೋರಾಗಿದ್ದರೂ ಜ್ವರ ಬಾರದೆ ಇರಬಹುದು. ಆಕೆ ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರಿಂದ ಪಲ್ಸ್ ಏರಿರಲಿಲ್ಲ. ಮಾಮೂಲಿ ದಿನ 150 ಇರುತ್ತಿದ್ದ ಬಿಪಿ 104ಕ್ಕೆ ಇಳಿದಿದ್ದನ್ನು ನಾರ್ಮಲ್ ಅಂತ ಓದಿಬಿಟ್ಟಿದ್ದರು. ನಿಜ ಹೇಳಿದ್ದು ಮಗಳೊಬ್ಬಳೇ.

ಅಷ್ಟರಲ್ಲಿ ಬಿಪಿ 86/44 ಆಗಿತ್ತು. ಕೆಳಗಿನದನ್ನು ಎರಡು ಪಟ್ಟು ಮಾಡಿ ಮೇಲಿನದಕ್ಕೆ ಕೂಡಿಸಿ ಮೂರರಿಂದ ಭಾಗಿಸಿದರೆ ಸರಾಸರಿ ಒತ್ತಡ ಸಿಗುತ್ತದೆ. ಇಲ್ಲಿ 58. ಬೇಕಾದದ್ದು 65. ಲ್ಯಾಕ್ಟೇಟ್ 4.3, ಅಂದರೆ ಅಂಗಾಂಗಗಳಿಗೆ ರಕ್ತ ಸಾಲುತ್ತಿಲ್ಲ ಎಂಬ ಅನುಮಾನ ಗಟ್ಟಿಯಾಯಿತು. 1:20ಕ್ಕೆ ಆ್ಯಂಟಿಬಯಾಟಿಕ್ ಬರೆದು, ಜೂನಿಯರ್‌ಗೆ ಒಪ್ಪಿಸಿ, ತುರ್ತು ಕರೆ ಅಂತ ಇನ್ನೊಂದು ವಾರ್ಡಿಗೆ ಓಡಿದೆ. ವಾಪಸ್ ಬಂದಾಗ 2:10. ಔಷಧಿ ಇನ್ನೂ ಟ್ರೇನಲ್ಲೇ ಇದೆ!

"ಯಾಕೋ?" ಅಂದೆ. "ಕಲ್ಚರ್ ಬಾಟಲಿ ಖಾಲಿಯಾಗಿದೆ ಮೇಡಂ, ತರೋಕೆ ಕಳಿಸಿದೀನಿ. ಪುಟದಲ್ಲಿ ಕಲ್ಚರ್ ಮೊದಲು ಅಂತ ಇದೆಯಲ್ಲಾ." ಅವನು ತಪ್ಪು ಮಾಡಿರಲಿಲ್ಲ. ನಾನು ಬರೆದದ್ದನ್ನೇ ಅಕ್ಷರಶಃ ಪಾಲಿಸಿದ್ದ. ಕಲ್ಚರ್ ಮೊದಲು ತೆಗೆಯಬೇಕು ನಿಜ, ಆದರೆ ಅದಕ್ಕಾಗಿ ಆ್ಯಂಟಿಬಯಾಟಿಕ್ 45 ನಿಮಿಷಕ್ಕಿಂತ ಜಾಸ್ತಿ ತಡವಾಗಬಾರದು ಎಂಬ ಮಾತನ್ನು ಜಾಗ ಸಾಲದೆಂದು ನಾನೇ ಬಿಟ್ಟಿದ್ದೆ. ಮೊದಲ ಹನಿ ಒಳಗೆ ಹೋಗಿದ್ದು 2:15ಕ್ಕೆ.

ಸಲೈನ್ ಲೆಕ್ಕ ಮಾತ್ರ ಸರಿಯಾಗಿ ನಡೆದಿತ್ತು. ಕಿಲೋಗೆ 30 ಮಿಲಿಯಂತೆ 50 ಕಿಲೋ ತೂಕಕ್ಕೆ 1500 ಮಿಲಿ. 500ರಂತೆ ಹಾಕಿ, ಪ್ರತಿ ಸಲ ಶ್ವಾಸಕೋಶಕ್ಕೆ ಸ್ಟೆತ್ ಇಟ್ಟು ನೀರು ತುಂಬುತ್ತಿಲ್ಲ ಎಂದು ನೋಡಿಕೊಂಡಿದ್ದ. ಎರಡನೆಯದು ಮುಗಿದರೂ ಬಿಪಿ ಏರಲಿಲ್ಲ. ಸೆಂಟ್ರಲ್ ಲೈನಿಗೆ ಕಾಯದೆ ಕೈಯ ದಪ್ಪ ರಕ್ತನಾಳದಲ್ಲೇ ನಾರ್‌ಅಡ್ರಿನಲಿನ್ ಶುರು ಮಾಡಿ ಐಸಿಯುಗೆ ಕಳಿಸಿದೆವು. ಎರಡು ದಿನ ಅದರ ಮೇಲೇ ಇದ್ದರು, ಆಮೇಲೆ ಚೇತರಿಸಿಕೊಂಡರು.

ಮರುದಿನ ಪುಟ ಕಿತ್ತು ತಂದು ಹಿರಿಯ ಸಿಸ್ಟರ್ ಒಬ್ಬರ ಜೊತೆ ಕೂತೆ. ಅವರು ಪೆನ್ನು ಹಿಡಿದು ಅರ್ಧ ಹೊಡೆದೇ ಹಾಕಿದರು. "ಇದೆಲ್ಲ ಗೊತ್ತಾದ ಮೇಲಿನ ಕಥೆ ಮೇಡಂ, ಗೊತ್ತಾಗೋದು ಹೇಗೆ ಅಂತ ಎಲ್ಲಿದೆ?" ಹಾಗಾಗಿ ಹೊಸ ಪುಟದ ಮೊದಲ ಸಾಲು: ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡನೆಯದು: ಮನೆಯವರು ಬದಲಾಗಿದ್ದಾರೆ ಅಂದರೆ ಅದನ್ನು ಹೊಸ ಗೊಂದಲ ಎಂದೇ ಬರೆಯಿರಿ. ಉಸಿರು 22 ಅಥವಾ ಹೆಚ್ಚು, ಗೊಂದಲ, ಮೇಲಿನ ಬಿಪಿ 100 ಅಥವಾ ಕಡಿಮೆ, ಇವುಗಳಲ್ಲಿ ಎರಡಿದ್ದರೆ ತಕ್ಷಣ ಸೀನಿಯರ್‌ಗೆ ಫೋನ್. ಎರಡಿಲ್ಲ ಅಂದಮಾತ್ರಕ್ಕೆ ಸೆಪ್ಸಿಸ್ ಅಲ್ಲ ಅಂತ ತೀರ್ಮಾನಿಸಬೇಡಿ ಎಂದೂ ಸೇರಿಸಿದೆ. ಈ ಮೂರನ್ನೇ ನೆಚ್ಚಿ ಕೂರಬೇಡಿ ಎಂದು 2021ರ ಸರ್ವೈವಿಂಗ್ ಸೆಪ್ಸಿಸ್ ಕ್ಯಾಂಪೇನ್ ಮಾರ್ಗಸೂಚಿಯೇ ಹೇಳುತ್ತದೆ. ಬಿಪಿ ಕುಸಿದು ಶಾಕ್ ಆಗಿಲ್ಲ, ಸೋಂಕು ಹೌದೋ ಅಲ್ಲವೋ ಅನುಮಾನ ಅನ್ನುವವರಿಗೆ ಬೇಗ ಪರೀಕ್ಷೆ ಮಾಡಿ 3 ಗಂಟೆಯೊಳಗೆ ನಿರ್ಧರಿಸಲು ಅದರಲ್ಲಿ ಅವಕಾಶ ಇದೆ. ಕಂಡಕಂಡವರಿಗೆಲ್ಲ ಆ್ಯಂಟಿಬಯಾಟಿಕ್ ಸುರಿಯಬಾರದಲ್ವಾ?

ಕೆಳಗೆ ಎರಡು ಖಾಲಿ ಚೌಕ ಬಿಟ್ಟೆವು. ಅನುಮಾನ ಬಂದ ಸಮಯ, ಮೊದಲ ಹನಿ ಹೋದ ಸಮಯ. ಔಷಧಿ ಬರೆದ ಸಮಯಕ್ಕೆ ಚೌಕ ಬೇಡವೆಂದು ಸಿಸ್ಟರ್ ಹಠ ಹಿಡಿದರು.

ಮೊನ್ನೆ ರಾತ್ರಿ ಚಾರ್ಟ್‌ಗಳನ್ನು ನೋಡುತ್ತಿದ್ದೆ. ಉಸಿರಿನ ಕಾಲಂನಲ್ಲಿ 17, 23, 19, 15. ಬೆಸ ಸಂಖ್ಯೆಗಳು. ಅಂದಾಜಿಗೆ ಬರೆಯುವವರು, ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವವರು ಹಾಗೆ ಬರೆಯಲ್ಲ. 23 ಇದ್ದ ಹಾಸಿಗೆ ಹತ್ತಿರ ಹೋದೆ.