ವಾರ್ಷಿಕೋತ್ಸವದ ಪಟ್ಟಿ: 4 ನಿಮಿಷದ ಡ್ಯಾನ್ಸಿಗೆ ಐದೂವರೆ ನಿಮಿಷ

ಈ ಸಲ ಶಾಲಾ ವಾರ್ಷಿಕೋತ್ಸವದ ಕಾರ್ಯಕ್ರಮಗಳ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮಾಹಿತಿ ಒಂದು ಕಡೆ ಇರಲಿಲ್ಲ. ಸ್ವಲ್ಪ ವಾಟ್ಸಾಪ್ ಗುಂಪಿನಲ್ಲಿ, ಸ್ವಲ್ಪ ವಾಯ್ಸ್ ಮೆಸೇಜಿನಲ್ಲಿ, ಉಳಿದದ್ದು ಸ್ಟಾಫ್ ರೂಮಿನಲ್ಲಿ ಕೈಗೆ ತುರುಕಿದ ಚೀಟಿಗಳಲ್ಲಿ.

ನಾಲ್ಕು ಕಾಲಂ ಹಾಕಿದೆ: ಕಾರ್ಯಕ್ರಮ, ಮಕ್ಕಳು, ಸಮಯ, ವೇದಿಕೆಗೆ ಏನು ಬೇಕು. ಗೊತ್ತಿಲ್ಲದ ಕಡೆ ಅಂದಾಜು ಬರೆಯದೆ ಪ್ರಶ್ನೆ ಚಿಹ್ನೆ ಹಾಕಿ, ಆ ಟೀಚರನ್ನೇ ಕೇಳಿದೆ.

ಮೊದಲು ಎಡವಿದ್ದು ಸಮಯದಲ್ಲಿ. "ನಮ್ಮದು ಗ್ರೂಪ್ ಡ್ಯಾನ್ಸ್ ಮೇಡಂ, 4 ನಿಮಿಷ" ಅಂತ ಮೆಸೇಜ್ ಇತ್ತು. ರಿಹರ್ಸಲ್‌ನಲ್ಲಿ ಫೋನಿನ ಸ್ಟಾಪ್‌ವಾಚ್ ಹಿಡಿದು ಕೂತೆ. 24 ಮಕ್ಕಳು ಬಂದು ಸಾಲಾಗಿ ನಿಂತು, ಕುಣಿದು, ಕೊನೆಯ ಮಗು ಕೆಳಗಿಳಿಯುವ ಹೊತ್ತಿಗೆ ಐದೂವರೆ ನಿಮಿಷ ಆಗಿತ್ತು. ಅವರು ಹೇಳಿದ್ದು ಹಾಡಿನ ಉದ್ದ, ನನಗೆ ಬೇಕಿದ್ದದ್ದು ಮೊದಲ ಮಗು ಹತ್ತಿದಾಗಿನಿಂದ ಕೊನೆಯ ಮಗು ಇಳಿಯುವವರೆಗಿನ ಸಮಯ. ಎಲ್ಲವನ್ನೂ ಹೀಗೇ ಅಳೆದೆ.

14 ಕಾರ್ಯಕ್ರಮ, ಒಟ್ಟು 62 ನಿಮಿಷ. ನಮಗೆ ಕೊಟ್ಟಿದ್ದು 75. ಆರಾಮಾಗಿ ಆಗುತ್ತೆ ಅನ್ನಿಸಿತು. ಆದರೆ ನಡುವೆ 13 ಬದಲಾವಣೆಗಳಿವೆ ಅಲ್ವಾ? ಒಂಬತ್ತು ಕಡೆ ಒಂದೊಂದು ನಿಮಿಷ ಸಾಕು, ನಿರೂಪಕರ ಮಾತಿನಲ್ಲೇ ಅದು ಮುಗಿಯುತ್ತೆ. ಉಳಿದ ನಾಲ್ಕು ಕಡೆ ಬೆಂಚು, ಮರದ ಕಟೌಟು, ಸ್ಟ್ಯಾಂಡ್ ಮೈಕು ಇಡುವುದೋ ತೆಗೆಯುವುದೋ ಇತ್ತು, ಅಲ್ಲಿ ಮೂರು ಮೂರು ನಿಮಿಷ. ಸೇರಿಸಿದರೆ 83.

ಇಲ್ಲಿ ಕೈ ಹಿಡಿದದ್ದು ನಾಲ್ಕನೇ ಕಾಲಂ. ಒಬ್ಬರೇ ಹಾಡುವುದು, ಏಕಪಾತ್ರಾಭಿನಯ, ಕವಿತೆ ವಾಚನ, ಈ ಮೂರಕ್ಕೂ ಒಂದು ಮೈಕ್ ಬಿಟ್ಟು ಬೇರೇನೂ ಬೇಕಿರಲಿಲ್ಲ. ಪರದೆಯ ಮುಂದೆ ನಿಂತು ಮಾಡಬಹುದು. ಅವನ್ನು ನಾಲ್ಕರಲ್ಲಿ ಮೂರು ಕಡೆಗೆ ಹಾಕಿದೆ. ಪರದೆ ಎಳೆದ ತಕ್ಷಣ, ನಡುವೆ ನಿರೂಪಕರ ಮಾತಿಲ್ಲದೆ, ಮಗು ಮುಂದೆ ಹಾಡಲು ಶುರು ಮಾಡಿದರೆ ಹಿಂದೆ ಸದ್ದಿಲ್ಲದೆ ಬೆಂಚು ಸರಿಯುತ್ತೆ. 9 ನಿಮಿಷ ಉಳಿದು 74ಕ್ಕೆ ಬಂತು. ಯಾರ ಕಾರ್ಯಕ್ರಮವನ್ನೂ ಕತ್ತರಿಸಲಿಲ್ಲ, ನನಗೆ ಅದೇ ದೊಡ್ಡ ಸಮಾಧಾನ.

ಮಕ್ಕಳ ಕಾಲಂನಲ್ಲಿ "ಆರನೇ ತರಗತಿ, 10 ಜನ" ಅಂತ ಸುಮ್ನೆ ಬರೆದರೆ ಉಪಯೋಗವಿಲ್ಲ. ಹೆಸರು, ಸೆಕ್ಷನ್ ಎರಡೂ ಬರೆಸಿಕೊಂಡು ಒಂದೊಂದೇ ಹೆಸರು ಹುಡುಕಿದಾಗ ಒಬ್ಬ ಹುಡುಗಿ ನೃತ್ಯದಲ್ಲೂ ಅದರ ಬೆನ್ನಿಗೇ ಇದ್ದ ನಾಟಕದಲ್ಲೂ ಸಿಕ್ಕಳು. ಸೀರೆ ಬಿಚ್ಚಿ, ಮುಖದ ಬಣ್ಣ ಬದಲಿಸಲು ಅವಳಿಗೆ ಒಂದೇ ನಿಮಿಷ ಸಿಗುತ್ತಿತ್ತು. ನೃತ್ಯವನ್ನು ಮೂರು ಕಾರ್ಯಕ್ರಮದಷ್ಟು ಮುಂಚೆಯೇ ಹಾಕಿದೆ, ಮತ್ತೆ ಪರದೆ ಮುಂದಿನ ಮೂರೂ ಸರಿಯಾದ ಜಾಗದಲ್ಲೇ ಇವೆಯಾ ನೋಡಿದೆ.

ಪ್ರಿಂಟ್ ತೆಗೆದಾಗ ಮೇಲೆ ದಿನಾಂಕ, ಗಂಟೆ ಹಾಕಿದೆ. ಸೌಂಡಿನವರಿಗೆ ಒಂದು, ನಿರೂಪಕರಿಗೆ ಒಂದು, ಮಕ್ಕಳನ್ನು ಸಾಲು ನಿಲ್ಲಿಸುವ ಟೀಚರಿಗೆ ಒಂದು. ಪಟ್ಟಿ ಬದಲಾದಾಗ ಹಳೆಯ ಮೂರು ಪ್ರತಿಗಳನ್ನು ವಾಪಸ್ ಇಸ್ಕೊಂಡೇ ಹೊಸದನ್ನು ಕೊಟ್ಟೆ.